ಅದೇ ತಾಮ್ರದ ಬಿಂದಿಗೆ, ಎರಡು ಊರಿನ ನೀರು

ಹೋದ ಮಳೆಗಾಲದಲ್ಲಿ ಮೂಡಿಗೆರೆ ಹತ್ತಿರದ ತವರಿಗೆ ಹೋಗಿದ್ದೆ. ಭಾನುವಾರ ಬೆಳಿಗ್ಗೆ ಅಪ್ಪ ಎದ್ದವರೇ ಖಾಲಿ ಹೊಟ್ಟೆಯಲ್ಲಿ ಒಂದು ದೊಡ್ಡ ಲೋಟ ನೀರು ಕುಡಿದರು. ಕಾಲು ಗಂಟೆಯೊಳಗೆ ಹೊಟ್ಟೆ ತೊಳಸಿ ವಾಂತಿ ಆಯಿತು. ಬಾಯಲ್ಲಿ ಚಿಲ್ಲರೆ ಕಾಸು ಇಟ್ಟುಕೊಂಡ ಹಾಗೆ ರುಚಿ ಅಂತ ಎರಡು ಮೂರು ಸಲ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಸರಿ ಹೋದರು.

ಆ ನೀರು ಇದ್ದದ್ದು ತಾಮ್ರದ ಬಾಟಲಿಯಲ್ಲಿ. ಯಾರೋ ಗೃಹಪ್ರವೇಶಕ್ಕೆ ಕೊಟ್ಟಿದ್ದ ಒಂದು ಲೀಟರಿನ ಬಾಟಲಿ. ತಾಮ್ರದ ನೀರೂ ಒಳ್ಳೆಯದು, ನಿಂಬೆಹಣ್ಣೂ ಒಳ್ಳೆಯದು ಅಂತ ಅಮ್ಮ ಹಿಂದಿನ ರಾತ್ರಿಯೇ ಒಂದು ನಿಂಬೆಹಣ್ಣು ಹಿಂಡಿ ಮುಚ್ಚಿಟ್ಟಿದ್ದರು. ನಾನು ಹಾಸನದಲ್ಲಿ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುವವಳು. ಹುಳಿಗೂ ತಾಮ್ರಕ್ಕೂ ಆಗುವುದಿಲ್ಲ ಅಂತ ಪಾಠ ಮಾಡುತ್ತೇನೆ. ಆದರೆ ನಮ್ಮ ಮನೆಯ ಬಿಂದಿಗೆಯಲ್ಲಿ ರಾತ್ರಿ ಎಷ್ಟು ತಾಮ್ರ ನೀರಿಗೆ ಇಳಿಯುತ್ತದೆ ಅಂತ ಒಂದು ದಿನವೂ ಅಳೆದು ನೋಡಿರಲಿಲ್ಲ. ಅವತ್ತು ಅಳೆಯಬೇಕು ಅಂತ ನಿರ್ಧಾರ ಮಾಡಿದೆ.

ಅಳೆಯುವುದು ಅಂಥ ಕಷ್ಟವೇನಲ್ಲ. ಅಕ್ವೇರಿಯಂ ಇಟ್ಟುಕೊಳ್ಳುವವರು ನೀರಿನ ತಾಮ್ರ ನೋಡಲು ಒಂದು ಕಿಟ್ ಬಳಸುತ್ತಾರೆ, ಯಾಕೆಂದರೆ ತೊಟ್ಟಿಯಲ್ಲಿರುವ ಸಿಗಡಿ, ಬಸವನಹುಳಗಳಿಗೆ ತಾಮ್ರ ವಿಷ. ಅದನ್ನೇ ತರಿಸಿದೆ. ಸಣ್ಣ ಗಾಜಿನ ಟ್ಯೂಬಿನಲ್ಲಿ 5 ಮಿಲಿಲೀಟರ್ ನೀರು, ಅದಕ್ಕೆ ಕೆಲವು ಹನಿ ರಾಸಾಯನಿಕ. ಐದು ನಿಮಿಷ ಬಿಟ್ಟು ಬಿಳಿ ಹಾಳೆಯ ಮೇಲಿಟ್ಟು ಬಣ್ಣದ ಪಟ್ಟಿಗೆ ಹೋಲಿಸಿ ನೋಡಬೇಕು. ಲೀಟರಿಗೆ 2 ಮಿಲಿಗ್ರಾಂವರೆಗೆ ಅಂದಾಜು ಸಿಗುತ್ತದೆ, ಅದಕ್ಕಿಂತ ಜಾಸ್ತಿ ಇದ್ದರೆ ಸಿಗುವುದಿಲ್ಲ. ನೀರು ಎಷ್ಟು ಹುಳಿ ಅಂತ ಹೇಳುವ ಪಿಎಚ್ ನೋಡಲು ಕಾಲೇಜಿನ ಮೀಟರ್ ಇತ್ತು. ಪಿಎಚ್ 7ಕ್ಕಿಂತ ಕಮ್ಮಿ ಇಳಿದಷ್ಟೂ ಹುಳಿ ಜಾಸ್ತಿ.

ಒಂದು ಎಚ್ಚರಿಕೆ ಮಾತ್ರ ತೆಗೆದುಕೊಂಡೆ. ಪ್ರತಿ ಸಲವೂ ಅದೇ ನೀರನ್ನು ಪಕ್ಕದಲ್ಲಿ ಒಂದು ಸ್ಟೀಲ್ ಪಾತ್ರೆಯಲ್ಲೂ ಇಡುತ್ತಿದ್ದೆ. ಹಿತ್ತಾಳೆ ನಲ್ಲಿಯಿಂದಲೂ ತಾಮ್ರ ಬರಬಹುದು. ಸ್ಟೀಲಿನ ನೀರಲ್ಲಿ ಬಣ್ಣ ಬರದೆ ತಾಮ್ರದ ನೀರಲ್ಲಿ ಬಂದರೆ ಮಾತ್ರ ಅದು ಬಿಂದಿಗೆಯದ್ದು ಅಂತ ಹೇಳಬಹುದು, ಅಲ್ವಾ? ನಮ್ಮಲ್ಲಿ ಸ್ಟೀಲಿನ ನೀರಲ್ಲಿ ಒಂದು ಸಲವೂ ಬಣ್ಣ ಬರಲಿಲ್ಲ.

ಮೊದಲು ಹಾಸನದ ಮನೆ. ಇಲ್ಲಿ ನಮ್ಮದು ಬೋರ್‌ವೆಲ್ ನೀರು, ಗಡಸು. ಬಿಸಿನೀರಿನ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಪಿಎಚ್ 7.6. ಅಜ್ಜಿಯ ಕಾಲದ ಹತ್ತು ಲೀಟರಿನ ಬಿಂದಿಗೆಯಲ್ಲಿ ರಾತ್ರಿ ಎಂಟಕ್ಕೆ ತುಂಬಿಟ್ಟು ಬೆಳಿಗ್ಗೆ ಎಂಟಕ್ಕೆ ನೋಡಿದೆ. ಬಣ್ಣ ತೀರಾ ತೆಳು. ಲೀಟರಿಗೆ ಸುಮಾರು 0.2 ಮಿಲಿಗ್ರಾಂ.

ಮುಂದಿನ ವಾರ ಅದೇ ಬಿಂದಿಗೆಯನ್ನು ಕಾರಿನಲ್ಲಿಟ್ಟುಕೊಂಡು ತವರಿಗೆ ಹೋದೆ. ಅಲ್ಲಿ ಕುಡಿಯುವುದು ಅಬ್ಬಿ ನೀರು. ಗುಡ್ಡದಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುತ್ತದೆ. ಸೋಪು ಹಾಕಿದರೆ ನೊರೆ ಹೋಗುವುದೇ ಇಲ್ಲ, ಅಷ್ಟು ಮೆದು. ಪಿಎಚ್ ನೋಡಿದರೆ 6.1. ಅದೇ ಬಿಂದಿಗೆ, ಅದೇ ಹನ್ನೆರಡು ಗಂಟೆ. ಈ ಸಲ ಲೀಟರಿಗೆ 1.4ರ ಹತ್ತಿರ ಬಂತು. ನಂಬಿಕೆ ಆಗದೆ ಮರುದಿನ ಮತ್ತೆ ಮಾಡಿದೆ. ಹೆಚ್ಚು ಕಮ್ಮಿ ಅಷ್ಟೇ. ಎರಡು ರಾತ್ರಿ ಹಾಗೇ ಬಿಟ್ಟ ನೀರಿನ ಬಣ್ಣವಂತೂ ಪಟ್ಟಿಯ ಕೊನೆ ದಾಟಿತ್ತು.

ಅಪ್ಪನಿಗೆ ಇದನ್ನು ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದೆ. ಅವರು ನಲವತ್ತು ವರ್ಷದಿಂದ ಕಾಫಿಗೂ ಅಡಿಕೆಗೂ ಕೊಳೆರೋಗ ಬಾರದಿರಲಿ ಅಂತ ಬೋರ್ಡೋ ದ್ರಾವಣ ಹೊಡೆಸಿದವರು. ನಾನು ಪಿಎಚ್ ಅಂತ ಶುರು ಮಾಡುವ ಮೊದಲೇ ಅವರೇ ಹೇಳಿದರು: "ಅಲ್ಲ ಕಣೇ, ಅಲ್ಲಿ ನಿಮ್ಮ ನೀರಲ್ಲಿ ಸುಣ್ಣ ಇದೆ. ಇಲ್ಲಿ ಇಲ್ಲ. ಸುಣ್ಣ ಕಮ್ಮಿ ಆದ್ರೆ ಮೈಲುತುತ್ತ ಎಲೆ ಸುಡಲ್ವಾ? ಹಾಗೇ ಇದು."

ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ. ಶೇಕಡಾ ಒಂದರ ಬೋರ್ಡೋಗೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೈಲುತುತ್ತ ಅಂದರೆ ತಾಮ್ರದ ಲವಣ, ಹುಳಿ ಗುಣದ್ದು. ಸುಣ್ಣ ಆ ಹುಳಿಯನ್ನು ಮುರಿದು ತಾಮ್ರವನ್ನು ಕರಗದ ಹಾಗೆ ಹಿಡಿದಿಡುತ್ತದೆ. ಸುಣ್ಣ ಸಾಕಾಗಿದೆಯೋ ಇಲ್ಲವೋ ನೋಡಲು ಉಜ್ಜಿದ ಕತ್ತಿಯನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದುತ್ತಾರೆ. ಕಬ್ಬಿಣದ ಮೇಲೆ ಕೆಂಪು ಕೂತರೆ ಇನ್ನೂ ಬಿಡಿ ತಾಮ್ರ ಇದೆ, ಸುಣ್ಣ ಹಾಕು ಅಂತ ಅರ್ಥ. ಬಿಂದಿಗೆಯಲ್ಲೂ ನಡೆಯುವುದು ಇದೇ ಲೆಕ್ಕ. ನೀರಲ್ಲಿ ಕರಗಿದ ಗಾಳಿ ತಾಮ್ರದ ಮೈಯನ್ನು ಸ್ವಲ್ಪ ಸ್ವಲ್ಪವೇ ತಿನ್ನುತ್ತದೆ. ನೀರು ಹುಳಿಯ ಕಡೆಗಿದ್ದರೆ ಆ ತಾಮ್ರ ಕರಗಿ ನೀರಿಗೆ ಬರುತ್ತದೆ. ಹುಳಿ ಇಲ್ಲದಿದ್ದರೆ ಹೆಚ್ಚಿನ ಪಾಲು ಪಾತ್ರೆಯ ಮೇಲೆಯೇ ಕಂದು ಪದರವಾಗಿ ಕೂರುತ್ತದೆ. ಕತ್ತಿ ಅದ್ದಿ ನೋಡುವುದು ಮಾತ್ರ ಕುಡಿಯುವ ನೀರಿಗೆ ನಡೆಯುವುದಿಲ್ಲ. ಇಷ್ಟು ಕಡಿಮೆ ತಾಮ್ರಕ್ಕೆ ಕತ್ತಿಯ ಮೇಲೆ ಏನೂ ಕಾಣುವುದಿಲ್ಲ. ಅಪ್ಪ ಅದ್ದಿಯೇ ನೋಡಿದರು.

ಇನ್ನು ನಿಂಬೆಹಣ್ಣಿನ ಬಾಟಲಿ. ಅದೇ ಬಾಟಲಿಯಲ್ಲಿ ಅದೇ ರೀತಿ ಒಂದು ಹಣ್ಣು ಹಿಂಡಿ ರಾತ್ರಿಯೆಲ್ಲ ಇಟ್ಟೆ. ಇದು ಕಿಟ್ಟಿಗೆ ಸಿಗುವ ಮಟ್ಟದ್ದಲ್ಲ ಅಂತ ಗೊತ್ತಿತ್ತು. ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ತಾಮ್ರ ಗೋಡೆಗೆ ಅಂಟದಿರಲಿ ಅಂತ ಕೆಲವು ಹನಿ ನೈಟ್ರಿಕ್ ಆಸಿಡ್ ಹಾಕಿ ಒಂದು ಲ್ಯಾಬಿಗೆ ಕಳಿಸಿದೆ. ಲೀಟರಿಗೆ 24 ಮಿಲಿಗ್ರಾಂ ಅಂತ ಬಂತು. ಅಪ್ಪ ಕುಡಿದದ್ದು ಕಾಲು ಲೀಟರ್ ಅಂದುಕೊಂಡರೂ ಒಂದೇ ಗುಟುಕಿಗೆ 6 ಮಿಲಿಗ್ರಾಂ ತಾಮ್ರ, ಅದೂ ಖಾಲಿ ಹೊಟ್ಟೆಗೆ. ಲೀಟರಿಗೆ 4 ಮಿಲಿಗ್ರಾಂ ಇದ್ದ ನೀರಿಗೇ ಕೆಲವರಿಗೆ ವಾಕರಿಕೆ ಬರುತ್ತದೆ. ವಾಂತಿಯ ಕಾರಣ ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ.

ಅಜ್ಜಿಗೆ ಇದೆಲ್ಲ ಲ್ಯಾಬ್ ಇಲ್ಲದೆಯೇ ಗೊತ್ತಿತ್ತು. ಕಲಾಯಿ ಹಾಕಿಸದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಸಾರು, ಮಜ್ಜಿಗೆ ಇಡಲು ಬಿಡುತ್ತಿರಲಿಲ್ಲ. ತವರವನ್ನು ಒಳಗೆ ಬಳಿದರೆ ಹುಳಿಗೆ ತಾಮ್ರ ತಾಗುವುದೇ ಇಲ್ಲ. ಕಲಾಯಿಯವನು ಊರಿಗೆ ಬರುವುದು ನಿಂತಿತು, ಆ ಮಾತೂ ಅವನ ಜೊತೆಗೇ ಹೋಯಿತು. ಉಳಿದದ್ದು "ತಾಮ್ರ ಒಳ್ಳೆಯದು" ಅನ್ನುವುದು ಮಾತ್ರ.

ಹಾಗಾದರೆ 0.2 ಒಳ್ಳೆಯದೋ, 1.4 ಕೆಟ್ಟದ್ದೋ? ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಇಟ್ಟಿರುವ ಮಿತಿ ಲೀಟರಿಗೆ 2 ಮಿಲಿಗ್ರಾಂ. ನಮ್ಮ ದೇಶದ ಐಎಸ್ 10500 ಮಾನದಂಡದಲ್ಲಿ 0.05 ಇದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಆಗಬಹುದು ಅಂತಿದೆ. ದೊಡ್ಡವರಿಗೆ ದಿನಕ್ಕೆ ಒಂದರಿಂದ ಎರಡು ಮಿಲಿಗ್ರಾಂ ತಾಮ್ರ ಬೇಕೇ ಬೇಕು. ರಾಗಿ, ಬೇಳೆ, ಎಳ್ಳು, ಗೋಡಂಬಿ ತಿನ್ನುವ ಮನೆಯಲ್ಲಿ ಅದು ಊಟದಲ್ಲೇ ಬರುತ್ತದೆ. ಜಾಸ್ತಿ ಅಂದರೆ ದಿನಕ್ಕೆ ಒಟ್ಟು 10 ಮಿಲಿಗ್ರಾಂ ದಾಟಬಾರದು ಅನ್ನುತ್ತಾರೆ. ಅಪ್ಪ ಅಬ್ಬಿ ನೀರನ್ನೇ ಬಿಂದಿಗೆಯಿಂದ ಎರಡು ಲೀಟರ್ ಕುಡಿದರೂ 2.8 ಮಿಲಿಗ್ರಾಂ. ಆರೋಗ್ಯವಾಗಿರುವ ದೊಡ್ಡವರ ಲಿವರ್ ಅಷ್ಟನ್ನು ಪಿತ್ತದ ಮೂಲಕ ಹೊರಗೆ ಹಾಕುತ್ತದೆ.

ನನಗೆ ಹೆದರಿಕೆ ಆದದ್ದು ತಂಗಿಯ ಮಗುವಿನ ವಿಷಯದಲ್ಲಿ. ಎರಡು ವರ್ಷದ ಮಗು, ಬಾಣಂತನದಿಂದಲೂ ಅಜ್ಜಿ ಮನೆಯಲ್ಲೇ ಜಾಸ್ತಿ. ಮೂರು ವರ್ಷದೊಳಗಿನ ಮಕ್ಕಳಿಗೆ ದಿನದ ಮೇಲ್ಮಿತಿಯೇ 1 ಮಿಲಿಗ್ರಾಂ. ಆ ಬಿಂದಿಗೆಯ ಮುಕ್ಕಾಲು ಲೀಟರ್ ನೀರಲ್ಲೇ ಅದು ಮುಗಿಯಿತು, ಊಟದ ಲೆಕ್ಕ ಇನ್ನೂ ಹಿಡಿದಿಲ್ಲ. ನಮ್ಮ ದೇಶದಲ್ಲಿ ಹಿಂದೆ ಪುಟ್ಟ ಮಕ್ಕಳ ಲಿವರ್ ಹಾಳಾಗಿ ಜೀವ ಹೋಗುತ್ತಿದ್ದ ಒಂದು ಕಾಯಿಲೆ ಇತ್ತು. ಆ ಮಕ್ಕಳ ಲಿವರಿನಲ್ಲಿ ತಾಮ್ರ ವಿಪರೀತ ಇತ್ತು. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಿಟ್ಟ ಹಾಲಿಗೂ ಇದಕ್ಕೂ ಸಂಬಂಧ ಇರಬಹುದು ಅಂತ 1983ರಲ್ಲಿ ಸಂಶೋಧಕರು ಬರೆದರು. ಹಾಲಿನ ಪ್ರೋಟೀನ್ ತಾಮ್ರವನ್ನು ಹಿಡಿದುಕೊಳ್ಳುತ್ತದೆ. ಆ ಪಾತ್ರೆಗಳು ಅಡುಗೆಮನೆಯಿಂದ ಹೋದ ಹಾಗೆ ಕಾಯಿಲೆಯೂ ಅಪರೂಪವಾಯಿತು. ಇನ್ನು ವಿಲ್ಸನ್ಸ್ ಕಾಯಿಲೆ ಇರುವವರ ದೇಹಕ್ಕೆ ತಾಮ್ರವನ್ನು ಹೊರಹಾಕಲು ಬರುವುದೇ ಇಲ್ಲ. ಅಂಥವರಿಗೆ ಹಾಸನದ 0.2 ಕೂಡ ಬೇಡ.

ಪ್ರಯೋಜನದ ಮಾತು. ಒಂದು ಪ್ರಯೋಜನ ನಿಜ, ಅದನ್ನು ನಾನು ಮನಸ್ಸಿಟ್ಟು ಒಪ್ಪುತ್ತೇನೆ. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಕಾಲರಾ, ಭೇದಿ, ಟೈಫಾಯಿಡ್ ಜಾತಿಯ ಬ್ಯಾಕ್ಟೀರಿಯಾಗಳನ್ನು ಬೇಕೆಂದೇ ಸೇರಿಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟರು. ಆಮೇಲೆ ಬೆಳೆಸಿ ನೋಡಿದರೆ ಒಂದೂ ಬೆಳೆಯಲಿಲ್ಲ. ಆ ನೀರಿಗೆ ಇಳಿದಿದ್ದ ತಾಮ್ರ ಲೀಟರಿಗೆ ಸುಮಾರು 0.18 ಮಿಲಿಗ್ರಾಂ, ಅಂದರೆ ನಮ್ಮ ಹಾಸನದ ಬಿಂದಿಗೆಯಷ್ಟೇ. ಅವರ ನೀರಿನ ಪಿಎಚ್ 7.8ರ ಆಸುಪಾಸು ಇತ್ತು. ಹಾಗಾಗಿ ರೋಗಾಣು ಸಾಯಲು ಜಾಸ್ತಿ ತಾಮ್ರ ಬೇಕಿಲ್ಲ, ಸಮಯ ಬೇಕು. ಎರಡು ಗಂಟೆ ಇಟ್ಟು ಕುಡಿದರೆ ಆ ಭರವಸೆ ಇಲ್ಲ. ಮಳೆಗಾಲದಲ್ಲಿ ಅಬ್ಬಿ ನೀರು ಕದಡಿ ಬರುತ್ತದಲ್ಲ, ಆ ಮಣ್ಣು, ಕೊಳೆತ ಎಲೆಯ ಅಂಶ ತಾಮ್ರವನ್ನು ಹಿಡಿದುಕೊಂಡು ಅದರ ಕೆಲಸ ಕೆಡಿಸುತ್ತದೆ. ಆಗ ಕುದಿಸುವುದೇ ಸರಿ. ಫ್ಲೋರೈಡ್, ನೈಟ್ರೇಟ್ ಇದ್ದರೆ ತಾಮ್ರ ಅದನ್ನು ಮುಟ್ಟುವುದೂ ಇಲ್ಲ. ತೂಕ ಇಳಿಯುತ್ತದೆ, ಮಂಡಿ ನೋವು ಹೋಗುತ್ತದೆ, ಥೈರಾಯಿಡ್ ಸರಿ ಹೋಗುತ್ತದೆ ಅನ್ನುವುದಕ್ಕೆ ಮನುಷ್ಯರ ಮೇಲೆ ಮಾಡಿದ ಗಟ್ಟಿ ಪರೀಕ್ಷೆ ಯಾವುದೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಈಗ ನಾವು ಮಾಡುವುದು ಇಷ್ಟು. ಹಾಸನದಲ್ಲಿ ಬಿಂದಿಗೆ ಮೊದಲಿನ ಹಾಗೆಯೇ ಇದೆ. ರಾತ್ರಿ ತುಂಬಿ, ಬೆಳಿಗ್ಗೆ ಸ್ಟೀಲ್ ಡ್ರಮ್ಮಿಗೆ ಬಗ್ಗಿಸಿ, ಬಿಂದಿಗೆಯನ್ನು ಬೋರಲು ಹಾಕುತ್ತೇನೆ. ತವರಿನಲ್ಲಿ ಎಲ್ಲರಿಗೂ ಕುದಿಸಿ ಆರಿಸಿದ ನೀರು, ಸ್ಟೀಲಿನಲ್ಲಿ. ಬಾಟಲಿಯನ್ನು ಪೂರ್ತಿ ಬಿಟ್ಟೆವು. ಸಣ್ಣ ಪಾತ್ರೆಯಲ್ಲಿ ಪ್ರತಿ ಲೀಟರ್ ನೀರಿಗೆ ತಾಗುವ ತಾಮ್ರದ ಮೈ ದೊಡ್ಡ ಬಿಂದಿಗೆಗಿಂತ ಹೆಚ್ಚುಕಮ್ಮಿ ಎರಡರಷ್ಟು, ಜೊತೆಗೆ ಒಳಗೆ ಕೈ ಹೋಗುವುದಿಲ್ಲ, ಕಿಲುಬು ಹಿಡಿದರೂ ಕಾಣುವುದಿಲ್ಲ.

ತೊಳೆಯುವುದರಲ್ಲೂ ಒಂದು ತಪ್ಪು ಮಾಡುತ್ತಿದ್ದೆ. ಹುಣಸೆಹಣ್ಣು ಹಾಕಿ ಫಳಫಳ ಅನ್ನುವ ಹಾಗೆ ಉಜ್ಜಿ, ಒಂದೇ ಸಲ ಜಾಲಿಸಿ, ತಕ್ಷಣ ನೀರು ತುಂಬುತ್ತಿದ್ದೆ. ಹಾಗೆ ಮಾಡಿದ ದಿನ ಹಾಸನದ ನೀರಲ್ಲೂ 0.2 ಇದ್ದದ್ದು 0.6 ಬಂತು. ಕಂಠದ ಮಡಿಕೆಯಲ್ಲಿ ಹುಳಿ ಉಳಿದಿರುತ್ತದೆ, ಕಾಪಾಡುವ ಕಂದು ಪದರವೂ ಹೋಗಿರುತ್ತದೆ. ಈಗ ಒಳಗಡೆ ದಿನಾ ಬರೀ ನೀರು, ತೆಂಗಿನ ನಾರು. ಹುಣಸೆಹಣ್ಣು ಹೊರಮೈಗೆ. ಒಳಗೆ ಹಸಿರು ಕಿಲುಬು ಕಂಡರೆ ಮಾತ್ರ ಹುಳಿ ಹಾಕಿ ತೆಗೆದು, ಮೂರು ಸಲ ಜಾಲಿಸಿ, ಮೊದಲ ರಾತ್ರಿಯ ನೀರನ್ನು ಗಿಡದ ಬುಡಕ್ಕೆ ಸುರಿಯುತ್ತೇನೆ.