ಮುಂಬೈ ಅಂಗಡಿಯಲ್ಲಿ ಫೋನ್ ತಾಗಿಸಿದಾಗ ಡಾಲರ್ ದರ ಯಾರದು?

ಮದುವೆಯ ಜವಳಿ ತೆಗೆಯಲು ದಾದರ್, ಮಾಟುಂಗಾ ಸುತ್ತುವ ಅಮೆರಿಕದ ಕನ್ನಡಿಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಫೋನಿನಲ್ಲಿರುವ ಅಲ್ಲಿನ ಕಾರ್ಡಿನಿಂದ ಹಣ ಕೊಟ್ಟರೆ ರೂಪಾಯಿಯನ್ನು ಡಾಲರಿಗೆ ಬದಲಿಸುವವರು ಯಾರು? ಆ್ಯಪಲ್ ಪೇ ಅಥವಾ ಗೂಗಲ್ ವಾಲೆಟ್ ಅಂತೂ ಅಲ್ಲ. ಅವು ಕಾರ್ಡನ್ನು ಯಂತ್ರಕ್ಕೆ ತಲುಪಿಸುತ್ತವೆ, ಅಷ್ಟೇ. ದರ ನಿಗದಿಯಾಗುವುದು ಕಾರ್ಡಿನ ಹಿಂದೆ, ಇಲ್ಲವೇ ಅಂಗಡಿಯ ಯಂತ್ರದ ಹಿಂದೆ. ಎರಡರಲ್ಲಿ ಯಾವುದು ಎಂಬುದು ಯಂತ್ರದ ಮೇಲೆ ಮೂಡುವ ಒಂದು ಪ್ರಶ್ನೆಗೆ ನೀವು ಕೊಡುವ ಉತ್ತರದಿಂದ ತೀರ್ಮಾನವಾಗುತ್ತದೆ.

ಸೀರೆಗಳ ಬಿಲ್ 24,000 ರೂಪಾಯಿ ಎಂದುಕೊಳ್ಳಿ. ಲೆಕ್ಕ ಸುಲಭವಾಗಲೆಂದು ಡಾಲರಿಗೆ 80 ರೂಪಾಯಿ ಎಂದು ಇಟ್ಟುಕೊಳ್ಳೋಣ. ಫೋನ್ ತಾಗಿಸಿದ ಮೇಲೆ ಕೆಲವು ಯಂತ್ರಗಳು ಎರಡು ಮೊತ್ತ ತೋರಿಸುತ್ತವೆ: `INR 24,000` ಮತ್ತು `USD 315.79`. ಎರಡನೆಯದನ್ನು ಒತ್ತಿದರೆ ದರ ಅಂಗಡಿಯ ಬ್ಯಾಂಕಿನದು ಅಥವಾ ಅದರ ಪರವಾಗಿ ಈ ಸೇವೆ ಕೊಡುವ ಕಂಪನಿಯದು. ಇಲ್ಲಿ ಅವರು ಡಾಲರಿಗೆ 76 ರೂಪಾಯಿಯನ್ನಷ್ಟೇ ಎಣಿಸಿದ್ದಾರೆ. ನಾಲ್ಕು ರೂಪಾಯಿಯ ಅಂತರ ಅವರ ಲಾಭ, ಅದರಲ್ಲಿ ಅಂಗಡಿಗೂ ಪಾಲಿರಬಹುದು. ಮಾರಾಟವಾದದ್ದು ಭಾರತದಲ್ಲಿ ಎಂಬ ಕಾರಣಕ್ಕೆ ನಿಮ್ಮ ಬ್ಯಾಂಕು ಇದರ ಮೇಲೂ ವಿದೇಶಿ ವಹಿವಾಟಿನ ಶುಲ್ಕ ಹಾಕಬಹುದು. ಅದು ಶೇ 3 ಇದ್ದರೆ ಒಟ್ಟು 325 ಡಾಲರ್ ದಾಟುತ್ತದೆ.

ರೂಪಾಯಿಯನ್ನೇ ಒತ್ತಿದರೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ತನ್ನ ದರದಲ್ಲಿ ಬದಲಿಸುತ್ತದೆ. ಅದು ಮಾರುಕಟ್ಟೆ ದರಕ್ಕೆ ಹತ್ತಿರವಿರುತ್ತದೆ, ಅವರ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಸುಮಾರು 300 ಡಾಲರ್; ಶೇ 3 ಶುಲ್ಕದ ಕಾರ್ಡಾದರೆ 309. ಆದ್ದರಿಂದ ಅಮೆರಿಕದಿಂದ ಹೊರಡುವ ಮೊದಲೇ ಆ ಶುಲ್ಕವಿಲ್ಲದ ಕಾರ್ಡನ್ನು ಫೋನಿಗೆ ಸೇರಿಸಿಕೊಳ್ಳಿ.

ತೊಡಕಾಗುವುದು ಗಲ್ಲಾಪೆಟ್ಟಿಗೆಯ ಮುಂದೆ ಜನ ಸೇರಿದ ಹೊತ್ತಿನಲ್ಲಿ. ಮಾರಾಟಗಾರ ನಿಮ್ಮನ್ನು ಕೇಳದೆ ತಾನೇ ಡಾಲರ್ ಒತ್ತಿಬಿಡುತ್ತಾನೆ. ಕಾರ್ಡ್ ಕಂಪನಿಗಳ ನಿಯಮದಂತೆ ಆಯ್ಕೆ ಗ್ರಾಹಕನದು. ಚೀಟಿಯಲ್ಲಿ ಡಾಲರ್ ಮೊತ್ತವೂ ವಿನಿಮಯ ದರವೂ ಅಚ್ಚಾಗಿದ್ದರೆ ಅಲ್ಲಿಯೇ ನಿಲ್ಲಿ, ಆ ವಹಿವಾಟನ್ನು ರದ್ದು ಮಾಡಿಸಿ, ರೂಪಾಯಿಯಲ್ಲಿ ಮತ್ತೆ ಮಾಡಿಸಿ. ಅಂಗಡಿ ದಿನದ ಲೆಕ್ಕ ಮುಗಿಸುವ ಮೊದಲು ಇದು ಸುಲಭ. ಆಮೇಲೆ ಬ್ಯಾಂಕಿಗೆ ದೂರು ಕೊಟ್ಟು ಕಾಯಬೇಕಾಗುತ್ತದೆ, ಆಗ ಆ ಚೀಟಿಯೇ ನಿಮ್ಮ ಸಾಕ್ಷಿ.

ರೂಪಾಯಿಯಲ್ಲಿ ಕೊಟ್ಟಾಗ ಫೋನಿಗೆ ತಕ್ಷಣ ಬರುವ ಡಾಲರ್ ಮೊತ್ತ ಅಂತಿಮವಲ್ಲ. ಒಂದೆರಡು ದಿನದಲ್ಲಿ ಲೆಕ್ಕ ಇತ್ಯರ್ಥವಾದಾಗ ಅಲ್ಪಸ್ವಲ್ಪ ಬದಲಾಗಬಹುದು. ಅದಕ್ಕೆ ಗಾಬರಿ ಬೇಡ.

ತರಕಾರಿ ಅಂಗಡಿಯ ಯುಪಿಐ ಕ್ಯೂಆರ್ ಬೇರೆಯದೇ ವ್ಯವಸ್ಥೆ. ಅಮೆರಿಕದ ಕಾರ್ಡ್ ಅಲ್ಲಿ ನಡೆಯುವುದಿಲ್ಲ. ನಿಮ್ಮ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಯನ್ನು ಯುಪಿಐಗೆ ಜೋಡಿಸಿದ್ದರೆ ಹೋಗುವುದು ರೂಪಾಯಿಯೇ, ಅಂಗಡಿಯಲ್ಲಿ ಪರಿವರ್ತನೆಯ ಮಾತೇ ಇಲ್ಲ. ಅಮೆರಿಕದಿಂದ ಆ ಖಾತೆಗೆ ಹಣ ಕಳುಹಿಸಿದ ದಿನ ಬ್ಯಾಂಕು ಅಥವಾ ಹಣ ರವಾನೆಯ ಸಂಸ್ಥೆ ಕೊಟ್ಟ ದರವೇ ಅದರ ದರ.