ದುಡ್ಡು ಅಣ್ಣನದು, ಸೈಟು ತಮ್ಮನ ಹೆಸರಲ್ಲಿ: ಬೇನಾಮಿ ಆಗದಂತೆ ಕೊಳ್ಳುವುದು ಹೇಗೆ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಣ್ಣ ಬೆಂಗಳೂರಿನಲ್ಲಿ ಸಂಬಳದ ಕೆಲಸದಲ್ಲಿದ್ದಾನೆ, ತಮ್ಮ ದಾವಣಗೆರೆಯಲ್ಲಿ ಸಣ್ಣ ಅಂಗಡಿ ಇಟ್ಟಿದ್ದಾನೆ. ಊರಲ್ಲಿ 38 ಲಕ್ಷಕ್ಕೆ ಒಂದು 30x40 ಸೈಟು ಸಿಕ್ಕಿದೆ. ಅಣ್ಣನಿಗೆ ರಜೆ ಇಲ್ಲ. 'ಸದ್ಯಕ್ಕೆ ನಿನ್ನ ಹೆಸರಿಗೆ ಮಾಡಿಸಿಕೋ, ಆಮೇಲೆ ನನ್ನ ಹೆಸರಿಗೆ ಮಾಡಿಸಿಕೊಂಡರಾಯ್ತು' ಅಂತ ಪೂರ್ತಿ ದುಡ್ಡು ಕಳಿಸುತ್ತಾನೆ. ಭದ್ರತೆಗೆ ಅಂತ ಮೂಲ ಕ್ರಯಪತ್ರವನ್ನು ತನ್ನ ಬೀರುವಿನಲ್ಲಿ ಇಟ್ಟುಕೊಳ್ಳುತ್ತಾನೆ, ವರ್ಷ ವರ್ಷ ಕಂದಾಯ ತಾನೇ ಕಟ್ಟುತ್ತಾನೆ, 'ಈ ಸೈಟು ನಿಜವಾಗಿ ನನ್ನ ಅಣ್ಣನದು' ಅಂತ ತಮ್ಮನಿಂದ ಛಾಪಾ ಕಾಗದದ ಮೇಲೆ ಸಹಿಯನ್ನೂ ಹಾಕಿಸಿಕೊಳ್ಳುತ್ತಾನೆ.

ಇಷ್ಟು ಜೋಪಾನ ಮಾಡಿದ ಮೇಲೆ ಭಯ ಯಾಕೆ ಅನ್ನಿಸುತ್ತದೆ ಅಲ್ವಾ? ಆದರೆ ಬೇನಾಮಿ ಕೇಸಿನಲ್ಲಿ ಅಣ್ಣನ ವಿರುದ್ಧ ನಿಲ್ಲುವ ಸಾಕ್ಷಿಗಳು ಇವೇ. ದುಡ್ಡು ಯಾರದು, ಆಸ್ತಿ ಯಾರ ಸ್ವಾಧೀನದಲ್ಲಿದೆ, ಮೂಲ ಪತ್ರ ಯಾರ ಹತ್ತಿರ ಇದೆ, ಬೇರೆಯವರ ಹೆಸರಲ್ಲಿ ಕೊಂಡ ಉದ್ದೇಶ ಏನು, ಇಬ್ಬರಿಗೂ ಸಂಬಂಧ ಏನು, ಕೊಂಡ ಮೇಲೆ ಇಬ್ಬರೂ ಹೇಗೆ ನಡೆದುಕೊಂಡರು: ಬೇನಾಮಿ ಹೌದೋ ಅಲ್ಲವೋ ತೀರ್ಮಾನಿಸಲು ಸುಪ್ರೀಂ ಕೋರ್ಟ್ ಜಯದಯಾಳ್ ಪೋದ್ದಾರ್ ಪ್ರಕರಣದಲ್ಲಿ ಹೇಳಿದ ಅಂಶಗಳು ಇವು. ದುಡ್ಡು ಕೊಟ್ಟ ಮಾತ್ರಕ್ಕೆ ಬೇನಾಮಿ ಆಗಿಬಿಡುವುದಿಲ್ಲ, ನಿಜ. ಆದರೆ ದುಡ್ಡೂ ನಿಮ್ಮದಾಗಿ, ಲಾಭವೂ ಇವತ್ತೋ ಮುಂದೋ ನಿಮಗೇ ಸೇರಬೇಕು ಅಂತಿದ್ದು, ಹೆಸರು ಮಾತ್ರ ಇನ್ನೊಬ್ಬರದಾಗಿದ್ದರೆ ಕಾನೂನು ಅದನ್ನು ಬೇನಾಮಿ ಅನ್ನುತ್ತದೆ.

ಮೊದಲು: ಯಾರ ಹೆಸರು ಅಂತ ನೋಡಿ

1988ರ ಬೇನಾಮಿ ಕಾಯ್ದೆಯನ್ನು ಬಿಗಿ ಮಾಡಿದ ತಿದ್ದುಪಡಿ 2016ರ ನವೆಂಬರ್ 1ರಿಂದ ಜಾರಿಗೆ ಬಂತು. ಸ್ವಂತ ರಕ್ತಸಂಬಂಧ ಆದರೆ ಸಾಕು, ತೊಂದರೆ ಇಲ್ಲ ಅಂತ ತುಂಬಾ ಜನ ತಿಳಿದಿದ್ದಾರೆ. ಅದು ತಪ್ಪು.

ಹೆಂಡತಿ, ಗಂಡ ಅಥವಾ ಮಕ್ಕಳ ಹೆಸರಿನಲ್ಲಿ ಮಾತ್ರವೇ ಕೊಂಡರೂ ವಿನಾಯಿತಿ ಇದೆ. ಅಣ್ಣ, ತಮ್ಮ, ಅಕ್ಕ, ತಂಗಿ, ಅಪ್ಪ, ಅಮ್ಮ, ಅಜ್ಜ, ಅಜ್ಜಿ, ಮೊಮ್ಮಕ್ಕಳು ಆದರೆ ಅವರ ಹೆಸರಿನ ಜೊತೆ ನಿಮ್ಮ ಹೆಸರೂ ಜಂಟಿ ಮಾಲೀಕರಾಗಿ ದಾಖಲೆಯಲ್ಲಿ ಇರಲೇಬೇಕು. ಅಂದರೆ ಅಮ್ಮನ ಹೆಸರಲ್ಲಿ ಮಾತ್ರ ಕೊಂಡ ಮಗನಿಗೂ ಈ ವಿನಾಯಿತಿ ಸಿಗುವುದಿಲ್ಲ. ಇದು ಬಹಳ ಮನೆಗಳಲ್ಲಿ ಗೊತ್ತೇ ಇಲ್ಲದ ವಿಷಯ. ಭಾವಮೈದುನ, ಅತ್ತೆ, ಮಾವ, ಅಣ್ಣನ ಮಗ, ನಾದಿನಿ ಇವರಿಗೆ ಸಂಬಂಧದ ಆಧಾರದ ಮೇಲೆ ವಿನಾಯಿತಿಯೇ ಇಲ್ಲ.

ಎಲ್ಲ ವಿನಾಯಿತಿಗೂ ಇನ್ನೊಂದು ಷರತ್ತು ಇದೆ. ಹಣ ಎಲ್ಲಿಂದ ಬಂತು ಅಂತ ನೀವು ತೋರಿಸಬೇಕು. ಸಂಬಳ, ಬ್ಯಾಂಕ್ ಸಾಲ, ಲೆಕ್ಕದಲ್ಲಿರುವ ಉಳಿತಾಯ ಆದರೆ ಸರಿ. ಲೆಕ್ಕಕ್ಕೆ ಸಿಗದ ನಗದು ಕೊಟ್ಟಿದ್ದರೆ ಹೆಂಡತಿಯ ಹೆಸರೂ ನಿಮ್ಮನ್ನು ಉಳಿಸುವುದಿಲ್ಲ.

ಅಡ್ವಾನ್ಸ್ ಕೊಡುವ ಮೊದಲು ದಾರಿ ಆರಿಸಿಕೊಳ್ಳಿ

ಸೈಟು ಕೊನೆಗೆ ಯಾರಿಗೆ ಸೇರಬೇಕು ಅನ್ನುವುದನ್ನು ಮನೆಯಲ್ಲಿ ಕೂತು ಬಿಡಿಸಿ ಮಾತಾಡಿ. ಅದರ ಮೇಲೆ ದಾರಿ ನಿಂತಿದೆ.

ಸೈಟು ಅಣ್ಣನಿಗೇ ಬೇಕಾದರೆ ಅಣ್ಣನ ಹೆಸರಿಗೇ ಕೊಳ್ಳಿ. ಅವನು ದಾವಣಗೆರೆಗೆ ಬರಲೇಬೇಕು ಅಂತೇನಿಲ್ಲ. ಈ ಒಂದು ಸೈಟಿನ ಖರೀದಿಗೆ ಸೀಮಿತವಾದ ಸ್ಪೆಷಲ್ ಪವರ್ ಆಫ್ ಅಟಾರ್ನಿಯನ್ನು ತಮ್ಮನಿಗೆ ಬರೆದುಕೊಡಬಹುದು. ಅದಕ್ಕೆ ಅಣ್ಣ ತಾನು ವಾಸವಿರುವ ಕಡೆಯ ಸಬ್ ರಿಜಿಸ್ಟ್ರಾರ್ ಎದುರೇ ಸಹಿ ಹಾಕಿ ದೃಢೀಕರಣ ಮಾಡಿಸಬೇಕು. ವಿದೇಶದಲ್ಲಿದ್ದರೆ ಅಲ್ಲಿನ ನೋಟರಿ ಅಥವಾ ಭಾರತೀಯ ದೂತಾವಾಸ ಕಚೇರಿಯಲ್ಲಿ ಮಾಡಿಸಬಹುದು. ಆಗ ತಮ್ಮ ಹಾಕುವ ಸಹಿ ಅಣ್ಣನ ಪರವಾಗಿ ಹಾಕಿದ್ದಾಗುತ್ತದೆ, ಮಾಲೀಕ ಅಣ್ಣನೇ. ನಮ್ಮ ಉದಾಹರಣೆಗೆ ಇದೇ ಸರಿಯಾದ ದಾರಿ ಅನ್ನುವುದು ನನ್ನ ಅಭಿಪ್ರಾಯ. ಒಂದು ದಿನದ ಓಡಾಟ ಉಳಿಸೋಕೆ ಹೋಗಿ ಇಡೀ ಸೈಟನ್ನು ಅಪಾಯಕ್ಕೆ ಒಡ್ಡುವುದು ಬೇಡ.

ಇಬ್ಬರಿಗೂ ಸೇರಬೇಕು ಅಂತಿದ್ದರೆ ಜಂಟಿ ಹೆಸರಿಗೆ ಮಾಡಿಸಿ. ಕ್ರಯಪತ್ರದಲ್ಲೇ ಇಬ್ಬರನ್ನೂ ಖರೀದಿದಾರರು ಅಂತ ಬರೆಸಿ, ಯಾರಿಗೆ ಎಷ್ಟು ಪಾಲು ಅನ್ನುವುದನ್ನೂ ಹಾಕಿಸಿ. ಪಾಲು ಬರೆಸದೆ ಬಿಟ್ಟರೆ ನಾಳೆ ಅರ್ಧರ್ಧ ಅನ್ನುವ ವಾದ ಬರುತ್ತದೆ. ಹಣದ ವಿವರ ಬರೆಯುವ ಕಡೆ ಪತ್ರ ಬರಹಗಾರರು ಸುಮ್ನೆ 'ಖರೀದಿದಾರರು ಪಾವತಿಸಿರುತ್ತಾರೆ' ಅಂತ ಮುಗಿಸಲು ಬಿಡಬೇಡಿ. 'ಕ್ರಯದ ಹಣ ರೂ. 38,00,000ವನ್ನು 1ನೇ ಖರೀದಿದಾರರು ತಮ್ಮ ಉಳಿತಾಯ ಖಾತೆಯಿಂದ ಆರ್‌ಟಿಜಿಎಸ್ ಮೂಲಕ ಪಾವತಿಸಿರುತ್ತಾರೆ' ಅಂತ ಬ್ಯಾಂಕಿನ ಹೆಸರು, ದಿನಾಂಕ, ವಹಿವಾಟಿನ ಸಂಖ್ಯೆ ಸಮೇತ ಬರಲಿ.

ತಮ್ಮನಿಗೆ ಕೊಟ್ಟೇಬಿಡುವ ಮನಸ್ಸಿದ್ದರೆ ಅದು ಉಡುಗೊರೆ. ಹಣವನ್ನು ಬ್ಯಾಂಕ್ ಮೂಲಕ ತಮ್ಮನ ಖಾತೆಗೆ ಹಾಕಿ, ವಾಪಸ್ ಕೇಳುವುದಿಲ್ಲ ಅಂತ ಅದೇ ಸಮಯಕ್ಕೆ ಒಂದು ಪತ್ರ ಮಾಡಿ, ತಮ್ಮ ತನ್ನ ಖಾತೆಯಿಂದ ಮಾರುವವರಿಗೆ ಕೊಡಲಿ. ಅಣ್ಣನಿಂದ ಬಂದ ಉಡುಗೊರೆಗೆ ತಮ್ಮ ಆದಾಯ ತೆರಿಗೆ ಕಟ್ಟಬೇಕಿಲ್ಲ. ಆದರೆ ಆಮೇಲೆ ಮೂಲ ಪತ್ರ ತಮ್ಮನ ಹತ್ತಿರವೇ ಇರಬೇಕು, ಕಂದಾಯ ಅವನೇ ಕಟ್ಟಬೇಕು, ಬಾಡಿಗೆ ಬಂದರೆ ಅವನ ಖಾತೆಗೇ ಹೋಗಬೇಕು. ಬಾಯಲ್ಲಿ ಉಡುಗೊರೆ ಅಂದು ಬಾಡಿಗೆ ಅಣ್ಣನೇ ತಗೊಳ್ಳುತ್ತಿದ್ದರೆ ಆ ಪತ್ರಕ್ಕೆ ಬೆಲೆ ಇಲ್ಲ.

ಸಾಲ ಅಂತ ಕೊಟ್ಟರೂ ಹೀಗೆಯೇ. ಸಾಲದ ಕರಾರು ಇರಲಿ, ಕಂತು ಬ್ಯಾಂಕಿನಲ್ಲಿ ನಿಜವಾಗಿ ವಾಪಸ್ ಬರುತ್ತಿರಲಿ. 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಸಾಲವನ್ನಾಗಲಿ ಸೈಟಿನ ಅಡ್ವಾನ್ಸನ್ನಾಗಲಿ ನಗದಾಗಿ ತೆಗೆದುಕೊಳ್ಳುವ ಹಾಗಿಲ್ಲ.

ಇಲಾಖೆಗೆ ಹೇಗೆ ಗೊತ್ತಾಗುತ್ತದೆ?

30 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಆಸ್ತಿ ನೋಂದಣಿ ಆದರೆ ಅದರ ಮಾಹಿತಿ ನೋಂದಣಿ ಕಚೇರಿಯಿಂದ ಆದಾಯ ತೆರಿಗೆ ಇಲಾಖೆಗೆ ಹೋಗುತ್ತದೆ. ನಮ್ಮ ಉದಾಹರಣೆಯ ತಮ್ಮ ವರ್ಷಕ್ಕೆ 4 ಲಕ್ಷ ಆದಾಯ ತೋರಿಸುತ್ತಿದ್ದಾನೆ ಅಂದುಕೊಳ್ಳಿ. ಅವನ ಪ್ಯಾನ್ ಮೇಲೆ 38 ಲಕ್ಷದ ಸೈಟು ಕಂಡರೆ 'ಹಣ ಎಲ್ಲಿಂದ?' ಅನ್ನುವ ಪ್ರಶ್ನೆ ಬಂದೇ ಬರುತ್ತದೆ. 'ಅಣ್ಣ ಕೊಟ್ಟ, ಸೈಟು ಅವನದೇ' ಅಂತ ತಮ್ಮ ಮುಗ್ಧವಾಗಿ ಉತ್ತರ ಬರೆದುಬಿಟ್ಟರೆ ಬೇನಾಮಿ ಕೇಸಿಗೆ ಬಾಗಿಲು ತೆರೆದ ಹಾಗೆ. ಕೇಸು ಸಾಬೀತಾದರೆ ಸೈಟನ್ನು ಪರಿಹಾರ ಇಲ್ಲದೆ ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳುತ್ತದೆ. ಕ್ರಿಮಿನಲ್ ಕೋರ್ಟಿನಲ್ಲಿ ತಪ್ಪು ಸಾಬೀತಾದರೆ 1ರಿಂದ 7 ವರ್ಷ ಕಠಿಣ ಜೈಲು, ಜೊತೆಗೆ ಮಾರುಕಟ್ಟೆ ಬೆಲೆಯ ಶೇ 25ರವರೆಗೆ ದಂಡ.

ಇಲಾಖೆ ಬಾರದೇ ಇದ್ದರೂ ಅಪಾಯ ಮನೆಯೊಳಗೇ ಇದೆ. ನಾಳೆ ತಮ್ಮ, ಅಥವಾ ಅವನ ನಂತರ ಅವನ ಹೆಂಡತಿ ಮಕ್ಕಳು, 'ಸೈಟು ನಮ್ಮದು' ಅಂದರೆ ಅಣ್ಣ ಏನು ಮಾಡಬಹುದು? ಬೇನಾಮಿ ಆಸ್ತಿಯನ್ನು ನನ್ನದು ಅಂತ ವಾಪಸ್ ಕೇಳಿ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕುವುದನ್ನೇ ಕಾಯ್ದೆ ತಡೆಯುತ್ತದೆ. ಛಾಪಾ ಕಾಗದದ ಆ ಸಹಿ ಹಿಡಿದು ಕೋರ್ಟಿಗೆ ಹೋದರೆ ಬೇನಾಮಿ ಅಂತ ತಾನೇ ಒಪ್ಪಿಕೊಂಡಂತೆ. ಮೇಲಾಗಿ 2024ರ ಅಕ್ಟೋಬರ್‌ನಿಂದ, ಎಲ್ಲವನ್ನೂ ಪೂರ್ತಿ ಹೇಳಿಬಿಡುವ ಬೇನಾಮಿದಾರನಿಗೆ ಶಿಕ್ಷೆಯಿಂದ ರಕ್ಷಣೆ ಕೊಡುವ ಅವಕಾಶ ಇದೆ. ಹಣ ಕೊಟ್ಟವನಿಗೆ ಆ ಅವಕಾಶ ಇಲ್ಲ.

ಈಗಾಗಲೇ ಮಾಡಿಬಿಟ್ಟಿದ್ದರೆ

'ತಮ್ಮನಿಂದ ದಾನಪತ್ರ ಮಾಡಿಸಿ ವಾಪಸ್ ತಗೊಂಡರೆ ಸರಿಹೋಗುತ್ತೆ' ಅನ್ನುವ ಸಲಹೆ ಮೊದಲು ಬರುತ್ತದೆ. ಅವಸರ ಮಾಡಬೇಡಿ. ಬೇನಾಮಿದಾರ ಆಸ್ತಿಯನ್ನು ಹಣ ಕೊಟ್ಟವರಿಗೆ ಮರಳಿ ವರ್ಗಾಯಿಸುವುದನ್ನೇ ಕಾಯ್ದೆ ನಿಷೇಧಿಸಿದೆ, ಅಂಥ ಪತ್ರ ಅಸಿಂಧು ಆಗುತ್ತದೆ. ಹಿಂದಿನ ತಾರೀಕು ಹಾಕಿ ಸಾಲದ ಕರಾರು ಸೃಷ್ಟಿಸುವುದು ಇನ್ನೂ ದೊಡ್ಡ ತಪ್ಪು, ಸುಳ್ಳು ದಾಖಲೆ ಕೊಟ್ಟರೆ ಬೇರೆಯೇ ಶಿಕ್ಷೆ ಇದೆ. ಹಣ ಹೋದ ದಿನದ ಬ್ಯಾಂಕ್ ಸ್ಟೇಟ್‌ಮೆಂಟು, ಆಗಿನ ನಿಮ್ಮ ರಿಟರ್ನ್ಸ್, ಕ್ರಯಪತ್ರ, ಅಣ್ಣ ತಮ್ಮ ಆಗ ಮಾಡಿಕೊಂಡ ವಾಟ್ಸ್‌ಆ್ಯಪ್ ಮಾತುಕತೆ ಎಲ್ಲವನ್ನೂ ಇದ್ದ ಹಾಗೇ ಒಟ್ಟುಮಾಡಿ. ಬೇನಾಮಿ ಕೇಸು ನಡೆಸಿ ಗೊತ್ತಿರುವ ವಕೀಲರಿಗೆ ಅದನ್ನೆಲ್ಲ ತೋರಿಸುವವರೆಗೆ ಇಬ್ಬರೂ ಯಾವ ಹೊಸ ಪತ್ರಕ್ಕೂ ಸಹಿ ಹಾಕಬೇಡಿ. ನೋಟಿಸ್ ಬಂದಿದ್ದರೆ ಅದರಲ್ಲಿರುವ ಕೊನೆಯ ದಿನಾಂಕ ನೋಡಿಕೊಂಡು, ಇಬ್ಬರೂ ಸೇರಿ ಅವತ್ತೇ ಹೋಗಿ.