ಬ್ಯಾಂಕು ಏಳು ತಿಂಗಳ ಮೇಲೆ ಹಣ ವಾಪಸ್ ಎಳೆದುಕೊಂಡಿತು, ನನ್ನ ಲೆಕ್ಕ ಕೆಡಲಿಲ್ಲ

ನನ್ನ ವ್ಯಾಪಾರದ ಖಾತೆಗೆ ಬ್ಯಾಂಕಿನದೇ ತಪ್ಪಿನಿಂದ ಹೆಚ್ಚಿಗೆ ಹಣ ಬಿದ್ದದ್ದು ಮೂರು ಸಲ. ಮೊದಲೆರಡು ಸಲ ನಷ್ಟ ಮಾಡಿಕೊಂಡೆ. ಮೂರನೇ ಸಲ ನನ್ನ ರೀತಿ ಗೆದ್ದಿತು. ಪಾಲುದಾರರು ಮಾತ್ರ ಕೊನೆಯವರೆಗೂ "ಇದೆಲ್ಲ ಯಾಕೆ ಬೇಕು, ಸುಮ್ನೆ ಇರಿ, ಅವರಿಗೆ ಗೊತ್ತೇ ಆಗಲ್ಲ" ಅಂತಲೇ ಇದ್ದರು.

ಮೊದಲ ಸಲ ಒಂದೇ ಜಮೆ ಎರಡು ಬಾರಿ ಬಂದಿತ್ತು, ಸುಮಾರು 60 ಸಾವಿರ. ತಿಂಗಳ ತಾಳೆ ನೋಡುವ ಮೊದಲೇ ಸರಕಿಗೆ ಕೊಟ್ಟುಬಿಟ್ಟೆ. ನಾಲ್ಕು ತಿಂಗಳ ಮೇಲೆ ಬ್ಯಾಂಕು ಒಂದು ಮಾತೂ ಹೇಳದೆ ಅದನ್ನು ಖರ್ಚು ಹಾಕಿತು. ಅದೇ ವಾರ ಸಾಲದ ಕಂತು ವಾಪಸಾಯಿತು, ಎರಡು ಚೆಕ್ ಕೂಡ. ದಂಡ, ಬಡ್ಡಿ ಸೇರಿ ಮೂರು ಸಾವಿರದ ಮೇಲೆ ಹೋಯಿತು. ಜಗಳ ಮಾಡಲು ಹೋದರೆ, ಖಾತೆ ತೆರೆಯುವಾಗ ನಾನೇ ಸಹಿ ಹಾಕಿದ್ದ ಷರತ್ತು ತೋರಿಸಿದರು: ತಪ್ಪಾದ ಜಮೆಯನ್ನು ಬ್ಯಾಂಕು ಸರಿಪಡಿಸಬಹುದು.

ಎರಡನೇ ಸಲ ಜಾಣತನ ಮಾಡಿದೆ. ಹೆಚ್ಚಿಗೆ ಬಂದದ್ದನ್ನು ಬೇರೆ ಖಾತೆಗೆ ಹಾಕಿ ಮುಟ್ಟದೆ ಇಟ್ಟೆ. ಅದೂ ತಪ್ಪು. ಬ್ಯಾಂಕು ಹಣ ಹುಡುಕಿಕೊಂಡು ಹೋಗುವುದಿಲ್ಲ, ಜಮೆಯಾದ ಖಾತೆಯಿಂದಲೇ ಎಳೆಯುತ್ತದೆ. ಹಣ ಭದ್ರವಾಗಿ ಪಕ್ಕದ ಖಾತೆಯಲ್ಲಿತ್ತು, ಇಲ್ಲಿ ಮತ್ತೆ ಚೆಕ್ ವಾಪಸಾಯಿತು.

ಮೂರನೇ ಸಲದ್ದು ಓವರ್‌ಡ್ರಾಫ್ಟ್ ಖಾತೆ, ಅಂದರೆ ಹಣ ಇಲ್ಲದಿದ್ದರೂ ಬ್ಯಾಂಕು ಒಪ್ಪಿದ ಮಿತಿಯವರೆಗೆ ತೆಗೆದು, ತೆಗೆದಷ್ಟಕ್ಕೆ ಬಡ್ಡಿ ಕಟ್ಟುವ ಖಾತೆ. ಬರಬೇಕಿದ್ದದ್ದು 24,300. ಬಿದ್ದದ್ದು 2,43,000. ಹೆಚ್ಚಿಗೆ 2,18,700. ಲೆಕ್ಕ ಬರೆಯುವವರಿಗೆ ಗೊತ್ತಿರುತ್ತದೆ, ವ್ಯತ್ಯಾಸ 9ರಿಂದ ಭಾಗವಾದರೆ ಸೊನ್ನೆ ಜಾರಿದೆಯೋ ಅಂಕಿ ಅದಲುಬದಲಾಗಿದೆಯೋ ನೋಡಬೇಕು. 2,18,700ನ್ನು 9ರಿಂದ ಭಾಗಿಸಿದರೆ ಸರಿಯಾಗಿ 24,300. ಒಂದು ಸೊನ್ನೆ ಜಾಸ್ತಿ ಒತ್ತಿದ್ದಾರೆ. ಗಿರಾಕಿಗೆ ಫೋನ್ ಮಾಡಿದೆ. ಅವರ ಖಾತೆಯಿಂದ ಹೋಗಿದ್ದದ್ದು 24,300 ಮಾತ್ರ. ಅಂದರೆ ತಪ್ಪು ಬ್ಯಾಂಕಿನೊಳಗೇ ಆಗಿದೆ. ಈ ಫೋನ್ ಬಿಡಬೇಡಿ. ಕಳಿಸಿದವರೇ ತಪ್ಪು ಖಾತೆಗೆ ಕಳಿಸಿದ್ದರೆ ಅದರ ದಾರಿಯೇ ಬೇರೆ, ಅಲ್ಲಿ ಸಾಮಾನ್ಯವಾಗಿ ನಿಮ್ಮ ಒಪ್ಪಿಗೆ ಕೇಳುತ್ತಾರೆ.

ಅವತ್ತೇ ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆ. ಜಮೆಯ ದಿನ, ವ್ಯವಹಾರದ ಸಂಖ್ಯೆ, ಸರಿಯಾದ ಮೊತ್ತ, ಹೆಚ್ಚಾದ ಮೊತ್ತ ಎಲ್ಲ ಬರೆದಿದ್ದೆ. ಇಂಥ ಪತ್ರದ ಕೊನೆಯಲ್ಲಿ ಒಂದು ಸಾಲು ಸೇರಿಸುತ್ತೇನೆ, ಅದೇನು ಅನ್ನುವುದು ನನ್ನ ಹತ್ತಿರವೇ ಇರಲಿ. ಹಣವನ್ನು ನಾನಾಗಿ ಎಲ್ಲಿಗೂ ಕಳಿಸಲಿಲ್ಲ. ನೀವೂ ಕಳಿಸಿ, ಬ್ಯಾಂಕೂ ಎಳೆದರೆ ಎರಡು ಸಲ ಹೋಗುತ್ತದೆ. ಫೋನ್ ಮಾಡಿ "ಈ ಖಾತೆಗೆ ಹಾಕಿ" ಅನ್ನುವವರಿಗಂತೂ ಕೊಡಲೇಬಾರದು, ಮೋಸ ಹೆಚ್ಚಾಗಿ ಅಲ್ಲೇ ಆಗುತ್ತದೆ.

ಹಣ ಅಲ್ಲೇ ಬಿಟ್ಟೆ. ಪುಸ್ತಕದಲ್ಲಿ ಮಾತ್ರ ಸಸ್ಪೆನ್ಸ್‌ಗೆ, ಅಂದರೆ ಇನ್ನೂ ತೀರ್ಮಾನವಾಗದ ಹಣ ಬರೆದಿಡುವ ಲೆಕ್ಕಕ್ಕೆ ಹಾಕಿ, ನನ್ನ ಮಿತಿಯನ್ನು 2,18,700 ಕಡಿಮೆ ಅಂತಲೇ ಲೆಕ್ಕ ಹಿಡಿದೆ. ಆ ಹಣ ಕೂತಿದ್ದರಿಂದ ನನಗೆ ಓವರ್‌ಡ್ರಾಫ್ಟ್ ಬಡ್ಡಿ ಕಡಿಮೆ ಬೀಳುತ್ತಿತ್ತು. ಅದನ್ನು ಮುಂದೆ ಕೇಳುತ್ತಾರೆ ಅಂತ ಗೊತ್ತಿತ್ತು. ವರ್ಷಕ್ಕೆ ಸುಮಾರು ಶೇಕಡಾ 12ರ ದರ, ತಿಂಗಳಿಗೆ 2,200 ಎತ್ತಿಟ್ಟೆ. ಪಾಲುದಾರರಿಗೆ ಸಿಟ್ಟು ಬಂದದ್ದು ಇದಕ್ಕೇ.

"ತಪ್ಪು ಅವರದು, ನಾವ್ಯಾಕೆ ಕೊಡಬೇಕು?" ಅಂತ ಅವರು ಒಂದು ಸುದ್ದಿ ಹಿಡಿದು ತಂದರು. 2020ರಲ್ಲಿ ಸಿಟಿಬ್ಯಾಂಕ್ ರೆವ್ಲಾನ್ ಕಂಪನಿಗೆ ಸಾಲ ಕೊಟ್ಟಿದ್ದವರಿಗೆ ಬಡ್ಡಿಯಷ್ಟೇ ಕಳಿಸುವ ಬದಲು ಸುಮಾರು 90 ಕೋಟಿ ಡಾಲರ್ ಕಳಿಸಿಬಿಟ್ಟಿತ್ತು. 2021ರಲ್ಲಿ ಅಮೆರಿಕದ ಕೋರ್ಟು, ವಾಪಸ್ ಕೊಡದವರು ಇಟ್ಟುಕೊಳ್ಳಬಹುದು ಅಂದಿತ್ತು. ನಿಜ, ಆದರೆ ಅವರಿಗೆ ಅಷ್ಟು ಸಾಲ ಬರಬೇಕಿತ್ತು. ಮೇಲಾಗಿ 2022ರಲ್ಲಿ ಮೇಲಿನ ಕೋರ್ಟು ಆ ತೀರ್ಪನ್ನೂ ತೆಗೆದುಹಾಕಿತು. ತಪ್ಪು ಗೊತ್ತಿಲ್ಲದೆ, ನಂಬಿ ಖರ್ಚು ಮಾಡಿದವರಿಗೆ ಕೆಲವು ದೇಶಗಳ ಕೋರ್ಟು ರಿಯಾಯಿತಿ ಕೊಡುತ್ತದೆ. ಪಾಸ್‌ಬುಕ್ಕಿನಲ್ಲಿ ಹತ್ತು ಪಟ್ಟು ಕಂಡ ನನಗೆ ಆ ಮಾತು ಎಲ್ಲಿ ಒಪ್ಪುತ್ತದೆ?

ಏಳು ತಿಂಗಳ ಮೇಲೆ ಎಳೆದರು. ಆದರೆ ಪೂರ್ತಿ 2,43,000! ಸರಿಯಾದ 24,300 ಮತ್ತೆ ಜಮೆ ಮಾಡುವುದನ್ನೇ ಮರೆತಿದ್ದರು. ಹಿಂದಿನ ತಾರೀಖು ಹಾಕಿದ್ದರಿಂದ ಬಡ್ಡಿ ಪೂರ್ತಿ ಮೊತ್ತದ ಮೇಲೆ ಬಿತ್ತು, ಜೊತೆಗೆ ಮಿತಿ ಮೀರಿದ ದಂಡ. 2,18,700ರ ಬಡ್ಡಿ, ಸುಮಾರು 15 ಸಾವಿರ, ನಾನು ಒಪ್ಪಿಕೊಂಡೆ, ಹೇಗೂ ಎತ್ತಿಟ್ಟಿದ್ದೆ. 24,300, ಅದರ ಮೇಲಿನ ಬಡ್ಡಿ 1,700ರಷ್ಟು, ಮತ್ತೆ ಆ ದಂಡ, ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದು, ಹಳೆಯ ಪತ್ರದ ನಕಲು ಲಗತ್ತಿಸಿ ಕೇಳಿದೆ. ಕೌಂಟರಿನಲ್ಲಿ "ಸಿಸ್ಟಂ ಹಾಕಿದ್ದು" ಅಂದರು. ಮುದ್ರೆಯ ಮೇಲಿನ ತಾರೀಖು ತೋರಿಸಿದ ಮೇಲೆ ಮ್ಯಾನೇಜರ್ ಎದ್ದು ಬಂದರು. ಹನ್ನೊಂದು ದಿನಕ್ಕೋ ಹನ್ನೆರಡು ದಿನಕ್ಕೋ ಮೂರೂ ವಾಪಸ್ ಬಂತು. ಅವತ್ತು ಸಂಜೆ ಸಸ್ಪೆನ್ಸ್ ಸೊನ್ನೆಗೆ ಬಂದ ಪುಟವನ್ನು ಪಾಲುದಾರರ ಮುಂದಿಟ್ಟೆ. ಎರಡು ಸಲ ಕೂಡಿ ನೋಡಿದರು, ಆಮೇಲೆ ಪತ್ರದ ನಕಲು ಕೇಳಿದರು.